ಹಾರಿದರೂ ತಿನ್ನದ ಗೋಲಿ

ಸಿರುಗುಪ್ಪದ ಮರಿಬಸಪ್ಪ ಹುಲಿ-ಕುರಿ ಆಟದಲ್ಲಿ ತಿಂದ ಕುರಿಗಳನ್ನೆಲ್ಲ ಹಿಂಡು ಮಾಡಿ ಹೊರಡಿಸಿದ್ದರೆ, ಮುಂದಿನದು ತೆಕ್ಕಲಕೋಟೆಯಲ್ಲಿ ನೀರು ಕುಡಿಯುವಾಗ ಹಿಂದಿನದು ಇನ್ನೂ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತಿತ್ತು. ಅಂಥ ಹುಲಿ ಎಪ್ಪತ್ತನಾಲ್ಕನೇ ಇಸವಿಯ ಒಂದು ಮಧ್ಯಾಹ್ನ, ಕುರುಗೋಡಿನ ಮಾವನ ಮನೆಯ ಪಡಸಾಲೆಯಲ್ಲಿ, ಆರು ಮೂಲೆಯ ನಕ್ಷತ್ರದ ಹಲಗೆಯ ಮುಂದೆ ಕಣ್ಣುಕಣ್ಣು ಬಿಡುತ್ತ ಕುಳಿತಿತ್ತು.

ಸಂಕ್ರಾಂತಿಗೆಂದು ತವರಿಗೆ ಬಂದ ಹೆಂಡತಿ ಗುರುಬಸಮ್ಮನನ್ನು ಕರೆದೊಯ್ಯಲು ಅವನು ಬಂದಿದ್ದ. ಅವಳ ಅಜ್ಜಿ ಚನ್ನವೀರಮ್ಮ, ಯುಗಾದಿ ಮುಗಿಯದೆ ಕಳಿಸುವುದಿಲ್ಲವೆಂದು ಕಂಬಕ್ಕೊರಗಿ ಕುಳಿತಿದ್ದಳು. ಮಾತು ಬೆಳೆದು ಪಂದ್ಯಕ್ಕೆ ಬಂತು. ಭಾವಮೈದುನ ಚಂದ್ರಣ್ಣ ಬಳ್ಳಾರಿಯಿಂದ ತಂದಿದ್ದ ಚೈನೀಸ್ ಚೆಕರ್ಸ್‌ನಲ್ಲಿ ಗಂಡ ಗೆದ್ದರೆ ಗುರುಬಸಮ್ಮ ಈ ಹೊತ್ತೇ ನಾಲ್ಕರ ಬಸ್ಸಿಗೆ. ಅವಳು ಗೆದ್ದರೆ ಯುಗಾದಿಯ ತನಕ ಇಲ್ಲೇ. ತಿಂಗಳಿಂದ ಮರಿಬಸಪ್ಪ ತಾನೇ ಬೇಯಿಸಿಕೊಂಡ ಅನ್ನ ಎಂಥದೆಂದರೆ, ಅದರಿಂದ ಮನೆ ಕಟ್ಟಿದ್ದರೆ ನೂರು ವರ್ಷ ಬೀಳುತ್ತಿರಲಿಲ್ಲ. ಸೋಲುವ ಹಾಗೆಯೇ ಇರಲಿಲ್ಲ.

ಅವನಿಗೆ ಹತ್ತು ಹಳದಿ ಗೋಲಿ, ಅವಳಿಗೆ ಹತ್ತು ಕೆಂಪು. ಎಲ್ಲವನ್ನೂ ಎದುರಿನ ಮೂಲೆಗೆ ಮೊದಲು ಸೇರಿಸಿದವರದೇ ಗೆಲುವು. ಒಂದಷ್ಟು ಆಟವಾದ ಮೇಲೆ ಮರಿಬಸಪ್ಪ ಅವಳ ಕೆಂಪು ಗೋಲಿಯೊಂದನ್ನು ಹಾರಿ, ಅದನ್ನು ಎತ್ತಿ ತೊಡೆಯ ಕೆಳಗೆ ಇಟ್ಟುಕೊಂಡ.

“ಮಾಮಾ, ಅದನ್ನ ಇಡ್ರಿ,” ಎಂದ ಚಂದ್ರಣ್ಣ. “ಇಲ್ಲಿ ತಿನ್ನಾಂಗಿಲ್ಲ.”

“ಹಾರಿದ ಮ್ಯಾಲೆ ತಿನ್ನಲಾರದ್ದು ಎಂಥ ಆಟಲೇ?”

“ಉಂಡ ಮನಿ ಗೋಲಿ ನುಂಗಬಾರ್ದು, ಅಳಿಯಪ್ಪ,” ಎಂದಳು ಅಜ್ಜಿ.

ತಿನ್ನದಿದ್ದರೆ ಹಾರುವುದೇಕೆ? ಗೋಲಿಯನ್ನು ತಿರುಗಿ ಅದರ ಕುಳಿಗಿಟ್ಟರೂ ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹುಲಿಗೆ ಸಿಗದಂತೆ ಕುರಿಗಳನ್ನು ಬೆನ್ನಿಗೆ ಬೆನ್ನು ಹಚ್ಚುವ ಹಾಗೆ, ಹಳದಿಗಳನ್ನು ಜೋಡಿಜೋಡಿಯಾಗಿ ಅಂಟಿಸಿ ನಡೆಸಿದ. ಜೋಡಿಯನ್ನು ಅವಳಿಗೂ ಹಾರಲಾಗಲಿಲ್ಲ, ಅವನಿಗೂ ಹಾರಲಾಗಲಿಲ್ಲ. ಒಂದೊಂದೇ ಕುಳಿ ತೆವಳುವುದಾಯಿತು. ಗುರುಬಸಮ್ಮ ಮಾತ್ರ ಒಂದು ಗೋಲಿ, ಒಂದು ಖಾಲಿ ಕುಳಿ, ಮತ್ತೊಂದು ಗೋಲಿ ಎಂದು ಬಿಡಿಸಿಟ್ಟಿದ್ದಳು. ಒಂದೇ ಸರದಿಯಲ್ಲಿ ಅವಳ ಗೋಲಿ ಟಕ್, ಟಕ್, ಟಕ್, ಟಕ್ ಎಂದು ನಾಲ್ಕು ಸಲ, ಅದರಲ್ಲೊಮ್ಮೆ ಪಕ್ಕಕ್ಕೂ, ಹಾರಿ ಅವನ ಅಂಗಳದಲ್ಲಿ ನಿಂತಿತು.

“ಒಮ್ಮಿಗೆ ನಾಲ್ಕು?”

“ಮುಂದ ಖಾಲಿ ಕುಳಿ ಸಿಗೂತನ ಹಾರಬಹುದ್ರಿ,” ಎಂದಳು ಅವಳು. “ಯಾರ ಗೋಲಿ ಮ್ಯಾಲಾದ್ರೂ ಸೈ.”

ಅವನು ತನ್ನದೊಂದನ್ನು ಒಂದು ಕುಳಿ ಸರಿಸಿ, ಅಲ್ಲಿಂದಲೇ ಹಾರಿಸಹೋದ.

“ಸರಿಸಿದ್ರ ಸರಿಸಿದ್ದಷ್ಟ, ಹಾರಿದ್ರ ಹಾರಿದ್ದಷ್ಟ,” ಎಂದು ಚಂದ್ರಣ್ಣ ಕೈ ಹಿಡಿದ. “ಎರಡೂ ಒಂದ ಸರದ್ಯಾಗ ಇಲ್ಲ.”

ಮರಿಬಸಪ್ಪನ ಬೆವರು ಹಲಗೆಯ ಮೇಲೆ ಬಿದ್ದಿದ್ದರೆ ನೂರಿಪ್ಪತ್ತೊಂದು ಕುಳಿಯೂ ಕೆರೆಯಾಗುತ್ತಿದ್ದವು. ಆದರೂ ಜೋಡಿ ಬಿಡಿಸಿ ಹಳದಿಗಳಿಗೆ ಸಂದು ಕೊಡತೊಡಗಿದ. ಗೋಲಿಗಳು ದಡಬಡ ಆಚೆ ದಾಟಿದವು. ಒಂದು ಮಾತ್ರ ಮನೆಯೊಳಗೇ ಕುಂಟುತ್ತ ಉಳಿದಿತ್ತು. ಆಗಲೇ ಅವನಿಗೆ ಕಂಡಿತು. ಆ ಕುಂಟನ ಮುಂದೆ ಅತ್ತಿತ್ತ ತಿರುಗುತ್ತ ಕೆಂಪು, ಖಾಲಿ, ಕೆಂಪು, ಖಾಲಿ, ಮತ್ತೊಂದು ಕೆಂಪು. ಅದರಾಚೆ ಅವನವೇ ಮೂರು ಹಳದಿ, ಅದೇ ಅಂತರದಲ್ಲಿ. ಆರು ಮೆಟ್ಟಿಲ ಏಣಿ. ಆದರೆ ಸರದಿ ಅವಳದು.

ಗುರುಬಸಮ್ಮ ನಡುವಿನ ಆ ಕೆಂಪು ಗೋಲಿಯನ್ನೇ ಎತ್ತಿದಳು. ಅದು ಹೋದರೆ ಏಣಿ ಮುರಿಯಿತು, ಯುಗಾದಿಯ ತನಕ ಆ ಅನ್ನವೇ ಗತಿ. ಅವಳು ಒಂದು ಗಳಿಗೆ ಹಿಡಿದು, ತಿರುಗಿ ಅದೇ ಕುಳಿಯಲ್ಲಿಟ್ಟು, ಆಗಲೇ ಊರು ಸೇರಿ ಕುಳಿತಿದ್ದ ಬೇರೊಂದನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದಳು.

“ಮುಟ್ಟಿದ್ದನ್ನ ನಡೆಸ್ಬೇಕು,” ಎಂದಳು ಅಜ್ಜಿ.

“ಹಂಗೇನಿಲ್ಲ, ಅಜ್ಜಿ. ಬ್ಯಾರೆ ಕುಳಿಗೆ ಇಟ್ಟಿರಲಿಲ್ಲಲ್ಲ,” ಎಂದಳು ಮೊಮ್ಮಗಳು, ಗಂಡನ ಕಡೆ ನೋಡದೆ.

ಮರೆತಳೋ, ಬೇಕೆಂದೇ ಬಿಟ್ಟಳೋ? ಕೇಳಲು ಹೊತ್ತಿಲ್ಲ. ಮರಿಬಸಪ್ಪ ಕುಂಟನನ್ನು ಎತ್ತಿ ಹಾರಿಸಿದ: ಒಂದು, ಎರಡು, ಮೂರು. ನಾಲ್ಕನೆಯದು ತನ್ನದೇ ಹಳದಿಯ ಮೇಲೆ. ಐದು, ಆರು, ಗೋಲಿ ಎದುರಿನ ಮೂಲೆಯೊಳಗೇ ಇಳಿಯಿತು. ಅವನ ಇನ್ನೆರಡು ಹಳದಿ ಒಳಹೊಕ್ಕಾಗ, ಅವಳ ಕೊನೆಯ ಗೋಲಿ ಬಾಗಿಲಲ್ಲೇ ನಿಂತಿತ್ತು.

“ಹೋಗಿ ಬಾರವ್ವ,” ಎಂದು ಅಜ್ಜಿ ನಿಟ್ಟುಸಿರಿಟ್ಟಳು.

ಗುರುಬಸಮ್ಮ ಒಳಗೆ ಹೋದಳು. ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೀಗ ಹಾಕಿ ಹಗ್ಗ ಬಿಗಿದ ಟ್ರಂಕು ಹೊಸ್ತಿಲಿಗೆ ಬಂತು.

“ಯಾವಾಗ ಕಟ್ಟಿದಿ ಇದನ್ನ?”

“ಮುಂಜಾನಿ.”

“ಮತ್ತ ಅಷ್ಟು ಬಿಗಿ ಯಾಕ ಆಡಿದಿ?”

“ನೀವು ಏಣಿ ಹುಡುಕ್ತೀರೋ ಇಲ್ಲೋ ನೋಡ್ಬೇಕಿತ್ತು,” ಎಂದು ಅವಳು ಸೆರಗು ಸರಿಮಾಡಿಕೊಂಡಳು. “ನಡೀರಿ, ಸೀಟು ಸಿಗಂಗಿಲ್ಲ.”

ಬಸ್ಸಿನಲ್ಲಿ ಮರಿಬಸಪ್ಪ ದಾರಿಯುದ್ದಕ್ಕೂ ಬೆರಳು ಮಡಚುತ್ತ ಬಂದ. ಆರರಲ್ಲಿ ಮೂರು ಅವಳ ಗೋಲಿ, ಮೂರು ತನ್ನದು. ಅಂದರೆ ಗೆದ್ದದ್ದು ಯಾರು? ಸಿರುಗುಪ್ಪ ಬಂದರೂ ಲೆಕ್ಕ ಮುಗಿದಿರಲಿಲ್ಲ.