ವಾಲ್ಯೂಮಿಗೆ ಸಿಕ್ಕಿಸಿದ ಬೆಂಕಿಕಡ್ಡಿ

ಊರಿನ ಸಭೆಗಳಿಗೆಲ್ಲ ಮೈಕ್ ಕಟ್ಟುವವರು ನಮ್ಮ ಮಾವ. ಇಷ್ಟು ವರ್ಷದಲ್ಲಿ ಒಂದು ಭಾಷಣವನ್ನೂ ಕಿವಿಗೆ ಹಾಕಿಕೊಂಡವರಲ್ಲ. ಸದ್ದು ಸರಿಯಿದ್ದರಾಯಿತು, ಮಾತಿನ ಗೊಡವೆ ಅವರಿಗೆ ಬೇಡ. ಆ ಸಂಜೆ ಶಾಲೆಯ ಅಂಗಳದಲ್ಲಿ ಬಿಪಿ ಬಗ್ಗೆ ಮಾತಾಡಬೇಕಿದ್ದ ನರ್ಸ್ ಅವರ ಸೊಸೆ, ಅಂದರೆ ನಾನೇ. ಆದರೂ ಅವರು ಬೆನ್ನು ತಿರುಗಿಸಿ ವೈರು ಸುತ್ತುತ್ತಿದ್ದರು!

ಅಡುಗೆಗೆ ಉಪ್ಪು ಕಡಿಮೆ ಮಾಡಿ, ತಟ್ಟೆಗೆ ಬಡಿಸಿದ ಮೇಲೆ ಮತ್ತೆ ಉದುರಿಸಬೇಡಿ ಎಂದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಲು ಖರ್ಚೇನೂ ಇಲ್ಲವಲ್ಲ.

"ಯಾರಾದ್ರೂ ಬನ್ನಿ, ಬಿಪಿ ನೋಡೋದು ಹೇಗೆ ಅಂತ ತೋರಿಸ್ತೀನಿ" ಎಂದಾಗ ಒಬ್ಬರೂ ಏಳಲಿಲ್ಲ. ಕೊನೆಗೆ ಮಾವನೇ ಅಂಗಿಯ ತೋಳು ಮೇಲೇರಿಸಿಕೊಂಡು ಬಂದು ಕೂತರು.

"ಇದಕ್ಕೆಲ್ಲ ಹೆದರ್ತಾರೇನ್ರಯ್ಯಾ? ನನಗೂ ಇತ್ತು. ಮಾತ್ರೆ ನುಂಗಿದೆ, ಹೋಯ್ತು!"

ಹೋಯ್ತಂತೆ! ಬಾಯಿ ಮುಚ್ಚಿಸಿ ಐದು ನಿಮಿಷ ಕೂರಿಸಿದೆ. ಅವರಿಗೆ ಅದೇ ದೊಡ್ಡ ಶಿಕ್ಷೆ. ಆಮೇಲೆ ತೋಳಿಗೆ ಪಟ್ಟಿ ಕಟ್ಟಿದೆ. ನೂರ ಎಪ್ಪತ್ತೆಂಟು, ನೂರ ಆರು. ಸ್ವಲ್ಪ ಬಿಟ್ಟು ಮತ್ತೆ ನೋಡಿದೆ. ಹೆಚ್ಚೇನೂ ಇಳಿದಿರಲಿಲ್ಲ.

ಬಗ್ಗಿ ಪಿಸುಗುಟ್ಟಿದೆ. "ಮಾವ, ಮಾತ್ರೆ ಬಿಟ್ಟುಬಿಟ್ರಾ?"

"ಕಳೆದ ಸಲ ನೀನೇ ನೋಡಿ ನಾರ್ಮಲ್ ಅಂದ್ಯಲ್ಲಮ್ಮಾ. ತಲೆನೋವೂ ಇಲ್ಲ, ಏನೂ ಇಲ್ಲ. ಸುಮ್ನೆ ಯಾಕೆ ನುಂಗ್ಲಿ?"

"ನಿಮ್ಮಣ್ಣ, ದೊಡ್ಡ ಮಾವನಿಗೂ ಹೀಗೇ ಏನೂ ಇರ್ಲಿಲ್ಲ. ಲಕ್ವ ಹೊಡೆದು ಅವ್ರ ಕೈ ಹೋಯ್ತು. ನಿಮಗೂ ಹಾಗಾದ್ರೆ ನಾನೇನು ಮಾಡ್ಲಿ?"

ತಲೆಯೆತ್ತಿದರೆ ಅಂಗಳವಿಡೀ ನಮ್ಮಿಬ್ಬರ ಮಾತಿಗೇ ಕಿವಿ ನೆಟ್ಟಿತ್ತು. ಮಾವನ ಮೈಕು ಪಿಸುಮಾತನ್ನೂ ಬಿಟ್ಟಿರಲಿಲ್ಲ. ಇನ್ನು ನಾಚಿಕೆಪಟ್ಟು ಏನು ಪ್ರಯೋಜನ?

ಪಕ್ಕದ ಮೇಜಿನ ಮೇಲೆ ಅವರ ಹಳೇ ಆಂಪ್ಲಿಫೈಯರ್ ಇತ್ತು. ಅದರ ವಾಲ್ಯೂಮ್ ತಿರುಪು ಸವೆದು, ಬಿಟ್ಟರೆ ತಾನಾಗಿಯೇ ಮೇಲೇರಿ ಕಿರುಚುತ್ತದೆ. ಅದಕ್ಕೇ ಸಂದಿಗೊಂದು ಬೆಂಕಿಕಡ್ಡಿ ಸಿಕ್ಕಿಸಿಟ್ಟಿರುತ್ತಾರೆ. ನಾನು ಹೋಗಿ ಆ ಕಡ್ಡಿಯನ್ನು ಹಿಡಿದೆ.

"ಇದು ಈಗ ಕಿರುಚ್ತಾ ಇಲ್ವಲ್ಲ ಮಾವ. ಕಡ್ಡಿ ಯಾಕೆ? ತೆಗೀಲಾ?"

"ಏಯ್, ಮುಟ್ಬೇಡ!" ಮಾವ ತೋಳಿನ ಪಟ್ಟಿ ಸಮೇತ ಎದ್ದರು. "ಕಡ್ಡಿ ಇರೋದ್ರಿಂದಲೇ ಅದು ಸುಮ್ನಿರೋದು!"

ಅಂದವರು ಹಾಗೇ ನಿಂತರು. ನನ್ನ ಮುಖ ನೋಡಿದರು, ಕಡ್ಡಿಯನ್ನು ನೋಡಿದರು, ಮೆಲ್ಲಗೆ ಕೂತರು. ಹಿಂದಿನ ಸಾಲಿನಿಂದ ಯಾರೋ, "ಸಿಸ್ಟರ್, ನಾನೂ ಕಡ್ಡಿ ತೆಗೆದುಬಿಟ್ಟಿದ್ದೀನಿ" ಎಂದರು. ಇನ್ನೂ ಇಬ್ಬರು ಕೈ ಎತ್ತಿದರು.

ನಾನು ಕೇಳದಿದ್ದರೂ ಮಾವ ವೈರಿನ ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಉಪ್ಪು! ಮನೆಯ ಸಾರು ಸಪ್ಪೆ ಎಂದು ಕದ್ದು ಹಾಕಿಕೊಳ್ಳುತ್ತಿದ್ದರಂತೆ. ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ.

ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಮತ್ತೆ ಶುರುವಾಯಿತು. ಈಗ ದಿನಾ ಬೆಳಿಗ್ಗೆ ಅದನ್ನು ನುಂಗಿ, ನೀರಿನ ಲೋಟವನ್ನೇ ಮೈಕಿನಂತೆ ಹಿಡಿದು ಅಡುಗೆಮನೆಯತ್ತ ಕೂಗುತ್ತಾರೆ:

"ಹಲೋ, ಹಲೋ... ಕಡ್ಡಿ ಸಿಕ್ಕಿಸಿದೆ ಕಣಮ್ಮಾ!"