ಹನ್ನೆರಡು ವಿಸಿಟ್

ಮಲಗಿರುವವರನ್ನು ನೋಡಿಕೊಂಡು ಬರುವುದು ದೇವರ ದರ್ಶನಕ್ಕಿಂತ ಕಡಿಮೆಯದಲ್ಲ ಎಂದು ಕೊಡಿಗೇಹಳ್ಳಿಯ ಹಳೆಯ ಮನೆಗಳವರು ಇಂದಿಗೂ ನಂಬುತ್ತಾರೆ. ಚಿಕ್ಕಬೈರಪ್ಪನವರ ಮಂಡಿ ಆಪರೇಶನ್ನು ಎಂಬ ಸುದ್ದಿ ಹೊರಟದ್ದೇ ತಡ, ಅರ್ಧ ಊರು ಎಳನೀರು, ಬ್ರೆಡ್ಡು, ಕಿತ್ತಳೆ ಹಿಡಿದು ಬಳ್ಳಾರಿ ರಸ್ತೆಯ ಆಸ್ಪತ್ರೆಗೆ ಬರಲು ಸಿದ್ಧವಾಯಿತು.

ಅದಕ್ಕೇ ಅವರ ಹೆಂಡತಿ ಗಂಗರತ್ನಮ್ಮನಿಗೆ ಶೇರಿಂಗ್ ರೂಮು ಹಿಡಿಸಲಿಲ್ಲ. ಇಬ್ಬರು ರೋಗಿಗಳ ನಡುವೆ ಒಂದು ಪರದೆ. ಒಂದು ಸಲಕ್ಕೆ ಒಬ್ಬರೇ ಒಳಗೆ ಬರಬೇಕು. ಅಡ್ಮಿಶನ್ ಕೌಂಟರಿನ ಮುಂದೆ ನಿಂತು, "ಬಂದೋರ್ನ ಮೆಟ್ಲಿನ್ ಮೇಲೆ ಕೂರ್ಸಾಕಾಯ್ತದಾ?" ಎಂದು ಆಕೆ ಮುಖ ಸಣ್ಣದು ಮಾಡಿಕೊಂಡಾಗ ಬಿಳಿ ಕೋಟಿನಲ್ಲಿ ಬಂದವನು ಅಶ್ವತ್ಥ್.

ಅಶ್ವತ್ಥ್ ಆ ಆಸ್ಪತ್ರೆಯಲ್ಲಿ ಫಿಸಿಶಿಯನ್. ಚಿಕ್ಕಬೈರಪ್ಪನವರ ತಮ್ಮನ ಮಗ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಮೇಲೆ ಗಂಗರತ್ನಮ್ಮನ ಕೈತುತ್ತು ತಿಂದು ಬೆಳೆದವನು. ಮುನೇಶ್ವರನಿಗೆ ಹರಕೆ ಹೊತ್ತಾಗಲೆಲ್ಲ ಆಕೆ ಮಗಳು ಪದ್ಮಶ್ರೀಯ ಹೆಸರಿನ ಜೊತೆಗೆ ಅವನ ಹೆಸರನ್ನೂ ಹೇಳುತ್ತಿದ್ದಳು. ಹೆತ್ತ ಮಗು ಬೇರೆ, ಸಾಕಿದ ಮಗು ಬೇರೆ ಎಂಬ ಲೆಕ್ಕ ಆಕೆಗೆ ತಿಳಿಯದು.

"ದೊಡ್ಡಮ್ಮ, ಅಷ್ಟಕ್ಯಾಕೆ ಬೇಜಾರು? ಸಿಂಗಲ್ ರೂಮ್ ಹಾಕಿಸ್ತೀನಿ ಬಿಡು," ಎಂದು ಅವನು ಕೌಂಟರಿನವರಿಗೆ ಏನೋ ಹೇಳಿ ಹೋದ.

ಕೌಂಟರಿನ ಹುಡುಗಿ ಇನ್ನೊಂದು ಹಾಳೆಯನ್ನು ಮುಂದಿಟ್ಟಳು. ಪದ್ಮಶ್ರೀ ಸಹಿ ಹಾಕಿದಳು. ನಮ್ಮ ಹುಡುಗ ಹಾಕಿಸಿಕೊಟ್ಟ ರೂಮು. ಕಾಸಿನ ಮಾತೆತ್ತಿದರೆ ಅವನಿಗೆ ಅವಮಾನ ಎಂದುಕೊಂಡಳು. ಅಂದಾಜು ಎಂದು ಮೊದಲೇ ಕೊಟ್ಟಿದ್ದ ಚೀಟಿಯಲ್ಲಿ ಎರಡು ಲಕ್ಷ ಮೂವತ್ತೈದು ಸಾವಿರ ಎಂದಿತ್ತು. ಅದೇ ಅವಳ ತಲೆಯಲ್ಲಿ ಕೂತಿತ್ತು. ತಾನು ಕೆಲಸ ಮಾಡುವ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮನ ಹೆಸರಿದೆ, ನಾಲ್ಕು ಲಕ್ಷದವರೆಗೆ ಸಿಗುತ್ತದೆ ಎಂಬ ಧೈರ್ಯವೂ ಇತ್ತು. ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕಟ್ಟಿ ಒಳಗೆ ಹೋದರು.

ಆಪರೇಶನ್ ಚೆನ್ನಾಗಿಯೇ ಆಯಿತು. ಆದರೆ ಚಿಕ್ಕಬೈರಪ್ಪನವರ ಸಕ್ಕರೆ ಏರಿತು. ಮಂಡಿ ಡಾಕ್ಟರು ಫಿಸಿಶಿಯನ್ ನೋಡಲಿ ಎಂದರು. ನಾಲ್ಕು ರಾತ್ರಿಯ ವಾಸ ಆರಾಯಿತು. ಅಶ್ವತ್ಥ್ ಬೆಳಿಗ್ಗೆ ಬಂದು ಇನ್ಸುಲಿನ್ ನೋಡುತ್ತಿದ್ದ. ಸಂಜೆ ಬಂದರೆ ಕಾಲು ಚಾಚಿ ಸೋಫಾದಲ್ಲಿ ಕೂರುತ್ತಿದ್ದ. ಗಂಗರತ್ನಮ್ಮ ಮನೆಯಿಂದ ತಂದ ಕ್ಯಾರಿಯರ್ ಬಿಚ್ಚಿ ಮುದ್ದೆ ಮುರಿದು, ಬಸ್ಸಾರು ಹುಯ್ಯುತ್ತಿದ್ದಳು.

"ಡಾಕ್ಟ್ರಾದ್ ಮ್ಯಾಲೆ ಮುದ್ದೆ ನುಂಗಾಕೇ ಮರ್ತೋಗಿದ್ದೀಯಾ? ಅಗೀತಾ ಕುಂತವ್ನೆ ನೋಡು, ಚ್ಯೂಯಿಂಗ್ ಗಮ್ಮು ಅಗ್ದಂಗೆ!"

"ದೊಡ್ಡಪ್ಪಂಗೆ ಮುದ್ದೆ ಚಿಕ್ಕದು ಮಾಡು. ನಂಗ್ ಎಷ್ಟು ದೊಡ್ಡದಾದ್ರೂ ಪರವಾಗಿಲ್ಲ."

"ಎಲಾ ಇವ್ನ! ರೋಗಿ ನಾನು, ಊಟ ಇವನಿಗೆ," ಎಂದು ಚಿಕ್ಕಬೈರಪ್ಪ ನಗುತ್ತಿದ್ದರು. ನೋಡಲು ಬಂದವರ ಮುಂದೆ, "ನಮ್ಮ ಹುಡುಗ ಎರಡೂ ಹೊತ್ತು ಬಂದು ಹೋಗ್ತಾನೆ. ಯಾರಿಗುಂಟು ಯಾರಿಗಿಲ್ಲ?" ಎನ್ನುತ್ತಿದ್ದರು. ಉಂಡು ಕೈತೊಳೆದು ಹೊರಡುವಾಗ ಅಶ್ವತ್ಥ್ ಬಾಗಿಲ ಬಳಿ ಫೈಲ್ ತೆರೆದು, ಎರಡು ಸಾಲು ಗೀಚಿ, ಸಹಿ ಹಾಕಿ ಹೋಗುತ್ತಿದ್ದ. ಗಂಗರತ್ನಮ್ಮ ಅದನ್ನು ಅಕ್ಕರೆಯಿಂದ ನೋಡುತ್ತಿದ್ದಳು. ಅಕ್ಷರ ಕಲಿತ ಕೈ ಎಂದು.

ಮನೆಗೆ ಹೋಗುವ ದಿನ ಬೆಳಿಗ್ಗೆಯೇ ಡಿಸ್ಚಾರ್ಜ್ ಬರೆದರು. ಬಿಲ್ಲು ಇನ್ಶೂರೆನ್ಸ್‌ನವರಿಗೆ ಹೋಗಿ, ಒಪ್ಪಿಗೆ ತಿರುಗಿ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ಅನಂತರಾಜು ಎಂಬ ನಡುವಯಸ್ಸಿನವರು ಕುಳಿತಿದ್ದರು. ಹಣೆಯಲ್ಲಿ ಕುಂಕುಮ, ದನಿಯಲ್ಲಿ ದಣಿವು.

"ಮೇಡಂ, ಟೋಟಲ್ ಮೂರು ಲಕ್ಷ ಅರವತ್ತೊಂಬತ್ತು ಸಾವಿರದ ಎಂಟುನೂರು. ಇನ್ಶೂರೆನ್ಸ್ ಎರಡು ನಲವತ್ಮೂರು ಕೊಟ್ಟಿದೆ. ನಿಮ್ಮ ಅಡ್ವಾನ್ಸ್ ಕಳೆದು, ಒಂದು ಲಕ್ಷದ ಒಂದು ಸಾವಿರದ ಎಂಟುನೂರು ಕಟ್ಬೇಕು."

ಪದ್ಮಶ್ರೀ ಅಂದಾಜಿನ ಚೀಟಿ ತೆಗೆದು ಅವರ ಮುಂದಿಟ್ಟಳು. "ಎರಡು ಮೂವತ್ತೈದು ಅಂತ ಬರೆದುಕೊಟ್ಟಿದ್ರಲ್ಲ ಸಾರ್!"

"ಅದು ಶೇರಿಂಗ್ ರೂಮಿನ ರೇಟು ಮೇಡಂ. ನೀವು ಸಿಂಗಲ್‌ಗೆ ಸಹಿ ಮಾಡಿದ್ರಿ. ರೂಮ್ ಬದಲಾದ್ರೆ ಬಾಡಿಗೆ ಒಂದೇ ಅಲ್ಲ, ಪ್ಯಾಕೇಜೇ ಬದಲಾಗುತ್ತೆ. ಸರ್ಜನ್ ಫೀಸು, ಥಿಯೇಟರು, ಎಲ್ಲ ರೂಮಿನ ದರ್ಜೆ ಮೇಲೆ. ಎರಡು ಮೂವತ್ತೈದು, ಎರಡು ತೊಂಬತ್ತಾಯ್ತು. ಮಂಡಿ ಡಾಕ್ಟ್ರು ಬಂದಿದ್ದು ಅದರೊಳಗೇ ಇದೆ. ಪ್ಯಾಕೇಜ್ ಇದ್ದದ್ದು ನಾಲ್ಕು ದಿನಕ್ಕೆ. ಮೇಲಿನ ಎರಡು ದಿನ, ದಿನಕ್ಕೆ ಎಂಟು ಸಾವಿರ. ಔಷಧಿ, ಗ್ಲೌಸು, ಸಿರಿಂಜು, ಹಾಸುವ ಶೀಟು, ಮಿತಿ ಮೀರಿದ್ದು ಮೂವತ್ತೊಂದು ಸಾವಿರ. ಲ್ಯಾಬು ಹನ್ನೊಂದು ಚಿಲ್ಲರೆ."

"ಇನ್ಶೂರೆನ್ಸ್ ನಾಲ್ಕು ಲಕ್ಷ ಇದೆ. ಪೂರ್ತಿ ಯಾಕೆ ಕೊಡಲ್ಲ?"

"ನಿಮ್ಮ ಪಾಲಿಸಿಲಿ ರೂಮಿಗೆ ದಿನಕ್ಕೆ ನಾಲ್ಕು ಸಾವಿರವೇ ಮಿತಿ. ನೀವಿದ್ದದ್ದು ಎಂಟು ಸಾವಿರದ ರೂಮು, ಮಿತಿ ಅದರ ಅರ್ಧ. ಹಾಗಾಗಿ ಸರ್ಜನ್, ಥಿಯೇಟರ್, ವಿಸಿಟ್ ಎಲ್ಲದರಲ್ಲೂ ಅರ್ಧವೇ ಕೊಡ್ತಾರೆ. ಒಳಗೆ ಕೂರಿಸಿದ ಕೃತಕ ಮಂಡಿ, ಔಷಧಿ, ಟೆಸ್ಟು ಮಾತ್ರ ಪೂರ್ತಿ. ಗ್ಲೌಸು, ಶೀಟು ಅಂಥವಕ್ಕೆ ಏನೂ ಕೊಡಲ್ಲ."

ತಾಯಿ ಒಂದು ರೂಮು ಕೇಳಿದ್ದಳು. ಆ ರೂಮು ಆಪರೇಶನ್ ಟೇಬಲ್ಲಿನವರೆಗೂ ಕೈಚಾಚಿತ್ತು. ಪದ್ಮಶ್ರೀ ಹಾಳೆಯ ಮೇಲೆ ಬೆರಳೋಡಿಸುತ್ತಾ ಒಂದು ಸಾಲಿಗೆ ಬಂದು ನಿಂತಳು.

"ಇದೇನ್ ಸಾರ್? ಫಿಸಿಶಿಯನ್ ವಿಸಿಟ್, ಹನ್ನೆರಡು. ಇಪ್ಪತ್ತೊಂದು ಸಾವಿರದ ಆರುನೂರು."

"ಅಶ್ವತ್ಥ್ ಸಾರು. ಸಿಂಗಲ್ ರೂಮಲ್ಲಿ ವಿಸಿಟ್‌ಗೆ ಸಾವಿರದ ಎಂಟುನೂರು. ಬೇರೆ ವಿಭಾಗದ ಡಾಕ್ಟ್ರು ಪ್ಯಾಕೇಜಿಗೆ ಸೇರಲ್ಲ."

ಪದ್ಮಶ್ರೀಯ ಹಿಂದೆ ಗಂಗರತ್ನಮ್ಮ ಯಾವಾಗ ಬಂದು ನಿಂತಳೋ. ಖಾಲಿ ಕ್ಯಾರಿಯರ್ ಕೈಯಲ್ಲಿತ್ತು. ಲಕ್ಷದ ಮಾತು ಆಕೆಯನ್ನು ಅಷ್ಟಾಗಿ ತಾಕಲಿಲ್ಲ. ಎರಡು ಮನೆಯ ಬಾಡಿಗೆ ಬರುತ್ತದೆ, ಹೇಗೋ ತೀರುತ್ತದೆ. ಆದರೆ ಈ ಮಾತು ತಾಕಿತು.

"ನಮ್ಮ ಅಶ್ವತ್ಥ ಬಂದಿದ್ದುಕ್ಕಾ?"

ಅನಂತರಾಜು ತಲೆ ತಗ್ಗಿಸಿ ಹೇಳಿದರು: "ಫೈಲಲ್ಲಿ ನೋಟ್ ಬರೆದು ಸಹಿ ಮಾಡಿದ್ರೆ ಸಿಸ್ಟರ್ ವಿಸಿಟ್ ಅಂತ ಎಂಟ್ರಿ ಮಾಡ್ತಾರೆ ಅಮ್ಮ. ನಂಟಸ್ತನಕ್ಕೆ ಬಂದದ್ದು, ಚಾರ್ಜ್ ಬೇಡ ಅಂತ ಅವರೇ ಬರೆದುಕೊಟ್ರೆ ತೆಗೀಬಹುದು."

ಆ ಮಾತನ್ನು ಗಂಗರತ್ನಮ್ಮ ಪ್ರಸಾದದ ಹಾಗೆ ಕೈಚಾಚಿ ಹಿಡಿದಳು. "ಕರೀ ಪದ್ಮಾ. ಅವ್ನಿಗೆ ಗೊತ್ತೇ ಇಲ್ಲ ಪಾಪ. ಕರೀ."

ಫೋನು ಮಾಡಿದ ಮೇಲೆ ಅಶ್ವತ್ಥ್ ಬಂದ. ಬಿಲ್ಲು ನೋಡಿ ಕೆಂಪಾದ.

"ಅಕ್ಕಾ, ಇಷ್ಟಾಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ. ಇನ್ಶೂರೆನ್ಸ್ ಕೊಡುತ್ತೆ ಅಂದ್ಕೊಂಡೆ."

"ರೂಮು ಹಾಕಿಸ್ತೀನಿ ಅಂದೆಯಲ್ಲೋ!"

"ಹಾಕಿಸಿದೆ. ಫ್ರೀ ಅಂತ ಹೇಳ್ಲಿಲ್ವಲ್ಲ ಅಕ್ಕ."

ಮಾತಿನಲ್ಲಿ ಸುಳ್ಳಿರಲಿಲ್ಲ. ಗಂಗರತ್ನಮ್ಮ ಮುಂದೆ ಬಂದಳು.

"ರೂಮಿಂದು ಆಗ್ಲಿ ಮಗ, ಕೇಳ್ದೋಳು ನಾನೇ. ಬೆಳಿಗ್ಗೆ ಬಂದು ಸೂಜಿಮದ್ದು ನೋಡಿದ್ದುಕ್ಕೂ ತಗಳ್ಲಿ, ಅದು ನಿನ್ ಕಸುಬು. ಸಂಜೆ ಮುದ್ದೆ ಉಂಡ್ಯಲ್ಲ, ಅದ್ಕೆ ಯಾಕ್ ಬರ್ಕೊಂಡ್ರು? ಅದ್ನ ಒಡ್ದಾಕ್ಬಿಡು."

"ಫೈಲ್ ತೆಗೆದು ನೋಡಿದ್ನಲ್ಲ ದೊಡ್ಡಮ್ಮ. ನೋಡಿದ್ಮೇಲೆ ಬರೀಲೇಬೇಕು. ಅಭ್ಯಾಸ. ನಾಳೆ ಏನಾದ್ರೂ ಆದ್ರೆ ನನ್ ತಲೆ ಮೇಲೆ ಬರುತ್ತೆ."

"ಸರಿ ಬರ್ದೆ. ಈಗ ಒಡ್ದಾಕು."

ಅವನು ಅನಂತರಾಜು ಕಡೆ ತಿರುಗಿದ. "ಸಂಜೆದು ಆರು ತೆಗೀರಿ. ಬರ್ದುಕೊಡ್ತೀನಿ." ಜೇಬಿನಿಂದ ಪೆನ್ನು ತೆಗೆದ. ಗಂಗರತ್ನಮ್ಮನ ಮುಖ ಬೆಳಗಿತು.

ಅನಂತರಾಜು ಮೆಲ್ಲಗೆ ಕೆಮ್ಮಿದರು. "ತೆಗೀಬಹುದು ಸಾರ್. ಆದ್ರೆ ಇನ್ಶೂರೆನ್ಸ್ ಒಪ್ಪಿಗೆ ಬಂದಾಗಿದೆ. ಬಿಲ್ ಬದಲಾದ್ರೆ ಮತ್ತೆ ಕಳಿಸ್ಬೇಕು, ಮತ್ತೆ ನಾಲ್ಕೈದು ಗಂಟೆ. ಸಂಜೆ ಆರು ದಾಟಿದ್ರೆ ಇನ್ನೊಂದು ದಿನದ ಬಾಡಿಗೆ, ಎಂಟು ಸಾವಿರ. ಡಿಸ್ಚಾರ್ಜ್ ಬರೆದಾಗಿರೋದ್ರಿಂದ ಅದನ್ನ ಇನ್ಶೂರೆನ್ಸ್ ಕೊಡಲ್ಲ. ಆರು ವಿಸಿಟ್ ಅಂದ್ರೆ ಹತ್ತು ಸಾವಿರದ ಎಂಟುನೂರು. ಅದರಲ್ಲಿ ಅರ್ಧ ಹೇಗೂ ಅವರು ಕೊಟ್ಟಿದ್ದಾರೆ. ನಿಮಗೆ ಉಳಿಯೋದು ಐದು ಸಾವಿರದ ನಾನೂರು. ಖರ್ಚು ಎಂಟು."

ಅಶ್ವತ್ಥ್ ಪೆನ್ನನ್ನು ಮೇಜಿನ ಮೇಲಿಟ್ಟ. ಅವನ ಭುಜ ಇಳಿದುದನ್ನು ಪದ್ಮಶ್ರೀ ಕಂಡಳು. ಅದು ಸಂಕಟವೋ ನಿರಾಳವೋ, ಅವಳಿಗೆ ತಿಳಿಯಲಿಲ್ಲ. ಅವನಿಗೇ ತಿಳಿದಿತ್ತೋ ಇಲ್ಲವೋ.

"ಹಾಗಾದ್ರೆ ಲಾಸೇ ಅಲ್ವಾ ದೊಡ್ಡಮ್ಮ. ಬಿಡು, ಅಕ್ಕನ ಅಕೌಂಟಿಗೆ ಆ ದುಡ್ಡು ನಾನೇ ಹಾಕ್ತೀನಿ. ಪೂರ್ತಿ ಹಾಕ್ತೀನಿ." ಫೋನು ತೆಗೆದ.

"ನಿನ್ ದುಡ್ಡು ಯಾರಿಗ್ ಬೇಕ್ಲಾ?" ಗಂಗರತ್ನಮ್ಮನ ದನಿ ಏರಲಿಲ್ಲ. "ಎಂಟು ಸಾವ್ರ ನಾನ್ ಕೊಡ್ತೀನಿ. ಇನ್ನೊಂದ್ ರಾತ್ರಿ ಇಲ್ಲೇ ಇರ್ತೀವಿ. ನೀನು ಬರಿ. ಸಂಜೆ ಮನೆಯೋನಾಗಿ ಬಂದಿದ್ದೆ ಅಂತ ಒಂದ್ ಸಾಲು ಬರಿ. ನಂಗಷ್ಟೇ ಸಾಕು."

ಕೌಂಟರಿನ ಮುಂದೆ ಸಾಲು ಬೆಳೆದಿತ್ತು. ಯಾರೋ "ಬೇಗ ಆಗ್ಲಿ ಕಣ್ರೀ" ಎಂದರು. ಅಶ್ವತ್ಥ್ ಗಡಿಯಾರ ನೋಡಿದ. ಓಪಿಡಿಯಲ್ಲಿ ಜನ ಕಾಯುತ್ತಿದ್ದರು.

"ದೊಡ್ಡಮ್ಮ, ಸುಮ್ನೆ ಹಠ ಮಾಡ್ಬೇಡ. ಪ್ರತಿ ವಿಸಿಟ್‌ಗೂ ನೋಟ್ ಇದೆ. ಈಗ ಆರು ಒಟ್ಟಿಗೆ ತೆಗೆದ್ರೆ ಮ್ಯಾನೇಜ್‌ಮೆಂಟ್‌ನೋರು ಕೇಳ್ತಾರೆ. ಎಂಟು ಸಾವಿರ ಕಳ್ಕೊಂಡು ಒಂದು ಸಾಲು ಬರೆಸ್ಕೊಂಡು ಏನ್ ಮಾಡ್ತೀಯಾ? ಬಂದಿದ್ದು ಪ್ರೀತಿಯಿಂದ್ಲೇ. ಬಿಲ್ ಸಿಸ್ಟಮ್ಮು ಬೇರೆ."

ಎಡೆ ಇಟ್ಟವಳಿಗೂ ಉಂಡ ದೇವರಿಗೂ ನಡುವೆ ಮಾತಿರುವುದಿಲ್ಲ, ನಂಬಿಕೆ ಇರುತ್ತದೆ. ಅದು ಹೋದರೆ ಎಡೆ ಬರೀ ಅನ್ನ. ಗಂಗರತ್ನಮ್ಮ ಅವನನ್ನು ಹೊಸಬನನ್ನು ನೋಡುವಂತೆ ಒಂದು ಗಳಿಗೆ ನೋಡಿದಳು.

"ಕಟ್ಬಿಡು ಪದ್ಮಾ," ಎಂದಳು. "ಹನ್ನೆರಡಕ್ಕೂ ಕಟ್ಬಿಡು. ಒಂದೂ ಬಾಕಿ ಇಡ್ಬ್ಯಾಡ."

ಪದ್ಮಶ್ರೀ ಕಾರ್ಡು ಕೊಟ್ಟಳು. ಯಂತ್ರ ಚೀಟಿ ಉಗುಳಿತು.

ಚಿಕ್ಕಬೈರಪ್ಪನವರನ್ನು ಗಾಲಿಕುರ್ಚಿಯಲ್ಲಿ ಕಾರಿನವರೆಗೆ ತಂದರು. ಅಶ್ವತ್ಥ್ ಓಪಿಡಿ ಬಿಟ್ಟು ಅಲ್ಲಿಗೂ ಬಂದಿದ್ದ. ಅವರ ಕಂಕುಳಿಗೆ ಕೈಕೊಟ್ಟು ಜೋಪಾನವಾಗಿ ಸೀಟಿಗೆ ಏರಿಸಿದ. ಆ ಕೈಯಲ್ಲಿ ಪ್ರೀತಿ ಇತ್ತು. ಯಾರು ನೋಡಿದರೂ ಇಲ್ಲವೆನ್ನಲಾರರು. ಬಿಲ್ಲಿಂಗ್ ಕೌಂಟರಿನಲ್ಲಿ ನಡೆದದ್ದೇನೂ ಗೊತ್ತಿರದ ಮುದುಕರಿಗೆ ಹಿಗ್ಗು.

"ನಾಳೆ ಸಂಜೆ ಮನೆ ಕಡೆ ಬಾರೋ. ಕಾಲು ನೋಡ್ದಂಗೂ ಆಯ್ತು, ಉಂಡಂಗೂ ಆಯ್ತು."

"ಬರ್ತೀನಿ ದೊಡ್ಡಪ್ಪ."

ಗಂಗರತ್ನಮ್ಮ ಗಂಡನ ಕಾಲಡಿಗೆ ದಿಂಬು ಸರಿಮಾಡಿ ತಲೆ ಎತ್ತಿದಳು. ಸೆರಗು ಹೊದ್ದು, ಊರಿನ ಹಿರಿಯರ ಮುಂದೆ ನಿಲ್ಲುವಂತೆ ನಿಂತು, ಅವನಿಗೆ ಕೈ ಮುಗಿದಳು.

"ಬ್ಯಾಡಿ ಡಾಕ್ಟ್ರೇ," ಎಂದಳು. "ನಿಮ್ಗ್ಯಾಕೆ ತೊಂದ್ರೆ. ಅಗತ್ಯ ಬಿದ್ರೆ ನಾವೇ ಚೀಟಿ ಮಾಡಿಸ್ಕೊಂಡು ಬರ್ತೀವಿ."