ಹಿರಿಯಳಿಗೆ ಸಿಕ್ಕ ಅರ್ಧ ಪರಿಹಾರ

ಗೋದಾಮಿಗೆ ಬೆಂಕಿ ಬಿದ್ದು ವಾರಗಿತ್ತಿಯರಿಬ್ಬರ ಬಟ್ಟೆಯ ಮಾಲೂ ಸುಟ್ಟುಹೋಗಿತ್ತು. ವಿಮೆಯವರು ಕಿರಿಯಳ ಕ್ಲೇಮನ್ನು ಪೂರ್ತಿ ಒಪ್ಪಿದರು, ಹಿರಿಯಳದ್ದನ್ನು ಅರ್ಧ ಮಾತ್ರ. ಅವಳ ಹೊಟ್ಟೆ ಉರಿದುಹೋಯಿತು.

"ಒಂದೇ ಸೂರು, ಒಂದೇ ಬೆಂಕಿ. ಅವಳಿಗೆ ಪೂರ್ತಿ, ನನಗೆ ಅರ್ಧ! ಯಾವ ನ್ಯಾಯ ಸರ್ ಇದು?" ಎಂದು ವಿಮಾ ಕಚೇರಿಯಲ್ಲಿ ಕಿರಿಯಳ ಎದುರೇ ಮೇಜು ತಟ್ಟಿದಳು.

ಅಧಿಕಾರಿ ನಷ್ಟ ಅಂದಾಜಿಸಿದ ಸರ್ವೇಯರ್ ವರದಿ ತೆರೆದರು. "ಬೆಂಕಿ ಬಿದ್ದ ದಿನ ನಿಮ್ಮ ಮಾಲು ನಲವತ್ತು ಲಕ್ಷದ್ದಿತ್ತಮ್ಮಾ. ವಿಮೆ ಮಾಡಿಸಿದ್ದು ಇಪ್ಪತ್ತಕ್ಕೆ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ರೆ, ಎಷ್ಟು ಸುಟ್ಟಿದ್ರೂ ಅದರಲ್ಲಿ ಅರ್ಧವೇ ಸಿಗೋದು. ಅವರು ಪೂರ್ತಿ ಬೆಲೆ ಬರೆಸಿದ್ರು."

ಹಿರಿಯಳು ಮೇಜಿನ ಮೇಲಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಇಬ್ಬರಿಗೂ ಏಜೆಂಟ್ ಒಬ್ಬನೇ. ಮಾಲಿನ ನಿಜವಾದ ಬೆಲೆ ಹೇಳಿದರೆ ಅವನಿಂದ ಕಿರಿಯಳ ಕಿವಿಗೆ ಬಿದ್ದು ಅವಳೂ ಪೈಪೋಟಿಗೆ ನಿಂತಾಳೆಂದು ಅರ್ಧ ಬೆಲೆ ಬರೆಸಿದವಳು ತಾನೇ.

ಪಕ್ಕದ ಕುರ್ಚಿಯಲ್ಲಿದ್ದ ಕಿರಿಯಳ ಮುಖ ಸಪ್ಪಗಾಯಿತು. "ನಲವತ್ತಾ ಅಕ್ಕಾ? ನಂದು ಹತ್ತೂ ಇರಲಿಲ್ಲ. ವ್ಯಾಪಾರವೇ ಇಲ್ಲ ಅಂತ ದಿನಾ ಅಳ್ತಿದ್ರಲ್ಲ ನೀವು!"

ಆ ದನಿಯೊಳಗಿನ ಹೊಟ್ಟೆಯುರಿ ಹಿರಿಯಳಿಗೆ ಚೆನ್ನಾಗಿ ಗೊತ್ತಿತ್ತು; ಇಷ್ಟು ದಿನ ಅದು ತನ್ನದೇ ಆಗಿತ್ತು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಸಹಿ ಎಲ್ಲಿ ಹಾಕ್ಬೇಕು ಸರ್?" ಎಂದು ಅರ್ಧ ಪರಿಹಾರದ ಕಾಗದವನ್ನು ಹತ್ತಿರ ಎಳೆದುಕೊಂಡಳು.